ಮೂರು ನಿಮಿಷದ ಭಾಷಣ, ರಾಹುಕಾಲಕ್ಕೆ ಮುಂಚೆ ಬೋಣಿ

ಕಳೆದ ಕಾರ್ತಿಕದಲ್ಲಿ ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಪಾರ್ಲರಿನ ಎರಡನೇ ಬ್ರಾಂಚ್ ತೆಗೆದೆವು. ಮೊದಲನೆಯದು ವಿನೋಬನಗರದಲ್ಲಿದೆ, 2014ರಿಂದ. ಮಳಿಗೆ ಹುಡುಕಿದ್ದು, ಅಡ್ವಾನ್ಸ್ ಹೊಂದಿಸಿದ್ದು, ತಲೆ ತೊಳೆಯುವ ಬೇಸಿನ್ನಿಗೆ ಪೈಪ್ ಎಳೆಸಿದ್ದು, ಲೈಸೆನ್ಸಿಗೆ ಓಡಾಡಿದ್ದು ಎಲ್ಲ ಬೇರೆ ಕಥೆ. ಇಲ್ಲಿ ಬರೆಯುತ್ತಿರುವುದು ಉದ್ಘಾಟನೆ ದಿನ ನಾನು ಮಾತಾಡಿದ ಮೂರು ನಿಮಿಷದ ಬಗ್ಗೆ ಮಾತ್ರ. ಆ ಮೂರು ನಿಮಿಷಕ್ಕೆ ನನಗೆ ಹದಿನೈದು ದಿನ ಹಿಡಿಯಿತು.

ಮೂರು ನಿಮಿಷ ಅಂತ ತೀರ್ಮಾನ ಮಾಡಿದ್ದು ನಾನಲ್ಲ, ರಾಹುಕಾಲ. ಪುರೋಹಿತರು ಶುಕ್ರವಾರ ಗೊತ್ತು ಮಾಡಿದರು. ಶುಕ್ರವಾರ ಅಂದರೆ ಲಕ್ಷ್ಮಿ ದಿನ, ನಮಗೂ ಖುಷಿ. ಆದರೆ ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಪೂಜೆ ಮುಗಿಯುವುದು ಒಂಬತ್ತು ಮುಕ್ಕಾಲಿಗೆ. ಟೇಪ್ ಕತ್ತರಿಸಿ, ದೀಪ ಹಚ್ಚಿ, ಎಲ್ಲರೂ ಒಂದು ಸುತ್ತು ಒಳಗೆ ನೋಡಿ ಹೊರಗೆ ಬರುವಷ್ಟರಲ್ಲಿ ಹತ್ತು ಗಂಟೆ. ಇನ್ನು ಉಳಿಯುವುದು ಅರ್ಧ ಗಂಟೆ. ಅಷ್ಟರಲ್ಲಿ ಭಾಷಣವೂ ಆಗಬೇಕು, ಬೋಣಿಯೂ ಆಗಬೇಕು. ಬೋಣಿ ಅಂದರೆ ಸುಮ್ನೆ ದುಡ್ಡು ಇಸಕೊಳ್ಳುವುದಲ್ಲ. ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಕೆಲಸ ಮಾಡಿ, ಆಮೇಲೆ ದುಡ್ಡು ತೊಗೋಬೇಕು. ಐಬ್ರೋ ಮಾಡಿದರೂ ಐದಾರು ನಿಮಿಷ ಬೇಕು. ಕೂರಿಸಿ, ಏಪ್ರನ್ ಕಟ್ಟಿ, ಪೌಡರ್ ಹಚ್ಚಿ, ಮುಗಿದ ಮೇಲೆ ಕನ್ನಡಿ ತೋರಿಸುವುದೆಲ್ಲ ಸೇರಿದರೆ ಹತ್ತು ನಿಮಿಷ. ಜನ ತಡವಾಗಿ ಬರುವುದಕ್ಕೆ ಒಂದಷ್ಟು ಹೊತ್ತು ಬಿಡಬೇಕು. ಲೆಕ್ಕ ಹಾಕಿದರೆ ಭಾಷಣಕ್ಕೆ ಉಳಿದದ್ದು ಮೂರು, ಜಾಸ್ತಿ ಅಂದರೆ ನಾಲ್ಕು ನಿಮಿಷ.

ಇದೇ ಕಾರಣಕ್ಕೆ ಮುಖ್ಯ ಅತಿಥಿ ಅಂತ ಯಾರನ್ನೂ ಕರೆಯಲಿಲ್ಲ. ಮನೆಯಲ್ಲಿ ಒಂದೆರಡು ಹೆಸರು ಬಂದವು. ಅವರು ಬರುವವರೆಗೆ ನಾವು ಕಾಯಬಹುದು, ರಾಹುಕಾಲ ಕಾಯಲ್ಲವಲ್ಲ. ಟೇಪ್ ಕತ್ತರಿಸಿದ್ದು ನಮ್ಮತ್ತೆ.

ಮೊದಲ ಸಲ ಬರೆದಾಗ ನಾನು ಶಾಲೆಯಲ್ಲಿ ಕೇಳಿದ ಭಾಷಣದ ಥರವೇ ಬರೆದೆ. 'ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ' ಅಂತ ಶುರು. ವೇದಿಕೆಯೇ ಇರಲಿಲ್ಲ, ಆಸೀನರಾಗಲು ಇದ್ದದ್ದು ಹದಿನೈದು ಪ್ಲಾಸ್ಟಿಕ್ ಕುರ್ಚಿ. ಆಮೇಲೆ ನಾನು ಕೋರ್ಸ್ ಮಾಡಿದ್ದು, ಸಾಲ ಮಾಡಿದ್ದು, ಹೊಸ ಬ್ರಾಂಚಿನಲ್ಲಿ ಏನೇನು ಮೆಷಿನ್ ಇದೆ ಅನ್ನುವುದು, ಯಾವ ಕಂಪನಿ ಕ್ರೀಮ್ ಬಳಸುತ್ತೇವೆ ಅನ್ನುವುದು, 2025ರ ಸೆಪ್ಟೆಂಬರ್ 22ರಿಂದ ನಮ್ಮ ಕೆಲಸದ ಮೇಲಿನ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿದದ್ದು, ಉದ್ಘಾಟನೆ ಆಫರ್, ಎಲ್ಲ ಬಂತು. ಕೊನೆಗೆ ನಲವತ್ತು ಜನರ ಹೆಸರು. ಪಿಯುಸಿ ಓದುವ ಮಗಳು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಎದುರು ಕೂತಳು. ಓದಿ ಮುಗಿಸಿದಾಗ 8 ನಿಮಿಷ 40 ಸೆಕೆಂಡ್.

"ಅಮ್ಮ, ಇದರಲ್ಲಿ ಥ್ಯಾಂಕ್ಸ್ ಎಲ್ಲಿದೆ?" ಅಂದಳು.

ಎಣಿಸಿ ನೋಡಿದೆವು. ಸುಮಾರು 870 ಪದ. ಅಂದರೆ ನನ್ನ ವೇಗದಲ್ಲಿ ನಿಮಿಷಕ್ಕೆ ನೂರು ಪದ. ಇದು ಗೊತ್ತಾದ ಮೇಲೆ ಕೆಲಸ ಸುಲಭವಾಯಿತು. ಮೂರು ನಿಮಿಷಕ್ಕೆ ಮುನ್ನೂರು ಪದ, ಅಷ್ಟೇ. ಮನೆಯಲ್ಲಿ ಓದುವಾಗ ನೂರು ಬಂದರೆ ಜನರ ಎದುರು ಇನ್ನೂ ನಿಧಾನವಾಗುತ್ತದೆ, ಮಧ್ಯೆ ಚಪ್ಪಾಳೆ, ಬಸ್ಸಿನ ಹಾರನ್ ಬೇರೆ. ಹಾಗಾಗಿ ಮುನ್ನೂರರ ಮೇಲೆ ಒಂದು ಪದವೂ ಬೇಡ ಅಂತ ಗೆರೆ ಹಾಕಿಕೊಂಡೆ. ಮೆಷಿನ್, ಕ್ರೀಮ್, ಜಿಎಸ್‌ಟಿ, ಆಫರ್ ನಾಲ್ಕೂ ಪಾಂಪ್ಲೆಟ್‌ಗೆ ಹೋದವು. ನನ್ನ ಸಾಲದ ಕಥೆ ಎಲ್ಲಿಗೂ ಹೋಗಲಿಲ್ಲ. ಬ್ಯಾಂಕಿನವರಿಗೆ ಬಿಟ್ಟು ಅದು ಇನ್ಯಾರಿಗೂ ಬೇಕಿಲ್ಲ.

ಉಳಿದದ್ದು ಎರಡೇ ವಿಷಯ: ಶುರುವಿನಲ್ಲಿ ಬಂದ ಕಸ್ಟಮರ್‌ಗಳು, ನಮ್ಮ ಹುಡುಗಿಯರು. ಇವೆರಡೂ ಸುಲಭ ಅಂದುಕೊಂಡಿದ್ದೆ. ನಿಜವಾದ ಫಜೀತಿ ಅಲ್ಲೇ ಇತ್ತು.

ನಲವತ್ತು ಹೆಸರು ಓದಿದರೆ ನಲವತ್ತೊಂದನೆಯವರಿಗೆ ಬೇಜಾರು. ಇದು ಎಲ್ಲರಿಗೂ ಗೊತ್ತಿರುವ ಮಾತು. ನನಗೆ ಹೊಳೆಯದೇ ಇದ್ದದ್ದು ಇನ್ನೊಂದು. ಮೊದಲ ಕಸ್ಟಮರ್ ಒಬ್ಬರು ಟೀಚರ್. ಅವರ ಬಗ್ಗೆ ನಾನು ಪ್ರೀತಿಯಿಂದ ಹೀಗೆ ಬರೆದಿದ್ದೆ: 'ಆಗ ಅವರ ಕೂದಲು ಅರ್ಧ ಬೆಳ್ಳಗಾಗಿತ್ತು, ಇವತ್ತು ನೋಡಿ, ಒಂದೂ ಬಿಳಿ ಕೂದಲಿಲ್ಲ!' ಅಂಗಡಿಯಲ್ಲಿ ಓದಿ ತೋರಿಸಿದೆ. ನಮ್ಮ ಹುಡುಗಿ ಕೈಯಲ್ಲಿದ್ದ ವ್ಯಾಕ್ಸ್ ಪಟ್ಟಿ ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಅಕ್ಕ, ಅವತ್ತು ಮೇಡಂ ಅತ್ತೇನೂ ಬರ್ತಾರೆ. ಸ್ಕೂಲಿನವರೂ ಬರ್ತಾರೆ."

ಹೌದಲ್ಲ! ಇಪ್ಪತ್ತು ದಿನಕ್ಕೊಮ್ಮೆ ಬೇರಿಗೆ ಬಣ್ಣ ಹಚ್ಚಿಸಿಕೊಳ್ಳಲು ಬರುವಾಗ ಅವರು ಯಾವಾಗಲೂ ಹಿಂದಿನ ಕುರ್ಚಿ ಕೇಳುತ್ತಾರೆ, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾರೆ. ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ. ಮೈಕಿನಲ್ಲಿ ಅದನ್ನೇ ಕೂಗಲು ಹೊರಟಿದ್ದೆ. ಪಾರ್ಲರಿನಲ್ಲಿ ನಡೆಯುವುದು ಪಾರ್ಲರಿನಲ್ಲೇ ಇರಬೇಕು. ಯಾರ ತುಟಿ ಮೇಲೆ ಕೂದಲು ಬರುತ್ತದೆ, ಯಾರಿಗೆ ಬೊಕ್ಕೆ ಕಲೆ ಇದೆ, ಯಾರ ಕೂದಲು ಹೆರಿಗೆ ಆದ ಮೇಲೆ ಉದುರಿತು, ಇದೆಲ್ಲ ನಮಗೆ ಗೊತ್ತು. ಬೇರೆ ಅಂಗಡಿ ಉದ್ಘಾಟನೆಯಲ್ಲಿ 'ಇವರು ನಮ್ಮ ಹಳೇ ಗಿರಾಕಿ, ಇಂಥದ್ದು ತೊಗೊಂಡರು' ಅಂದರೆ ಅದು ಹೆಮ್ಮೆ. ನಮ್ಮಲ್ಲಿ ಅಂದರೆ ಮಾನ ಹೋಗುತ್ತದೆ.

ಆವತ್ತೇ ಒಂದು ನಿಯಮ ಮಾಡಿಕೊಂಡೆ. ಯಾರ ಬಗ್ಗೆ ಮಾತಾಡುತ್ತೇನೋ ಅವರಿಗೆ ಮೊದಲೇ ಫೋನ್ ಮಾಡಿ, ಆ ವಾಕ್ಯವನ್ನೇ ಓದಿ ಹೇಳಿ, ಒಪ್ಪಿಗೆ ಕೇಳಬೇಕು. ನಲವತ್ತು ಹೆಸರು ಐದಕ್ಕೆ ಇಳಿಯಿತು. ಐದು ಜನಕ್ಕೂ ಫೋನ್ ಮಾಡಿದೆ. ಇಬ್ಬರು ನಕ್ಕು 'ನಮ್ಮನ್ನ ಬಿಟ್ಟುಬಿಡಿ' ಅಂದರು. ಉಳಿದವರು ಮೂರು ಜನ.

ಟೀಚರ್ ಮೇಡಂ ಕೇಳಿ ಒಂದು ನಿಮಿಷ ಸುಮ್ಮನಿದ್ದರು. "ಹೆಸರು ಹೇಳು, ಬಣ್ಣ ಹೇಳಬೇಡ" ಅಂದರು. ಆಮೇಲೆ ಅವರೇ ಕೇಳಿದರು, "ಅಲ್ವೇ, ನಾನು ಐಬ್ರೋ ಮಾಡಿಸೋಕೆ ಬಂದೆ ಅಂತ ಬರ್ದಿದೀಯಲ್ಲ? ನಾನು ಬಂದಿದ್ದು ಮಳೆ ನಿಲ್ಲಲಿ ಅಂತ." ನನಗೆ ನೆನಪೇ ಇರಲಿಲ್ಲ. ಅಟ್ಟದಿಂದ ಹಳೇ ಡೈರಿ ಇಳಿಸಿದೆ. 2014ರ ಜೂನ್. ಮೂರು ಪುಟ ಖಾಲಿ. ನಾಲ್ಕನೆಯದರಲ್ಲಿ ನನ್ನ ಅಕ್ಷರದಲ್ಲಿ 'ಐಬ್ರೋ 20', ಪಕ್ಕದಲ್ಲಿ 'ಮಳೆ'. ಆ ಪುಟ ಸಿಕ್ಕ ಮೇಲೆ ಭಾಷಣದ ಮೊದಲ ಭಾಗ ತಾನಾಗೇ ಬಂತು. ನೆನಪಿನಿಂದ ಬರೆದಿದ್ದರೆ 'ನನ್ನ ಮೇಲೆ ನಂಬಿಕೆ ಇಟ್ಟು ಬಂದ ಮೊದಲ ಗ್ರಾಹಕರು' ಅಂತ ಸುಳ್ಳು ಬರೆಯುತ್ತಿದ್ದೆ. ಅವರು ನಂಬಿದ್ದು ನಮ್ಮ ಶೀಟನ್ನು.

ಎರಡನೆಯವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು. 2020ರಲ್ಲಿ ಲಾಕ್‌ಡೌನ್ ಬಂದು ಮಾರ್ಚ್ ಕೊನೆಯಿಂದ ಅಂಗಡಿ ಮುಚ್ಚಿತ್ತು. ಏಪ್ರಿಲಿನಲ್ಲಿ ಒಂದು ದಿನ ಅವರಿಂದ ಎರಡು ಸಾವಿರ ಬಂತು. ಕೆಳಗೆ ಒಂದು ಸಾಲು: 'ತೆಗೆದ ಮೇಲೆ ಕಳೀಕೋ'. ಅವರನ್ನು ನೋಡಿ ಇನ್ನೊಬ್ಬರು, ಹೀಗೆ ಹನ್ನೊಂದು ಜನ ಮುಂಗಡ ಕಳಿಸಿದರು. ಮಳಿಗೆ ಬಾಡಿಗೆ ಕಟ್ಟಿದ್ದು ಆ ದುಡ್ಡಿನಲ್ಲಿ. ಕರ್ನಾಟಕದಲ್ಲಿ ಸಲೂನು ಪಾರ್ಲರು ತೆಗೆಯಲು ಬಿಟ್ಟಿದ್ದು ಮೇ 19ಕ್ಕೆ. ಅವತ್ತು ಮಂಗಳವಾರ, ನಮಗೆ ವಾರದ ರಜೆ. ರಜೆಯ ದಿನವೇ ಶಟರ್ ಎತ್ತಿದೆವು.

ಅವರಿಗೆ ಫೋನ್ ಮಾಡಿದಾಗ ಸ್ವಲ್ಪ ಗಟ್ಟಿಯಾಗೇ ಹೇಳಿದರು. "ನನ್ನ ಹೆಸರೂ ಬೇಡ, ಎರಡು ಸಾವಿರ ಅಂತಾನೂ ಹೇಳ್ಬೇಡ. ಅವಾಗ ಕೊಡೋಕಾಗದೇ ಇದ್ದೋರೂ ಅಲ್ಲಿ ನಿಂತಿರ್ತಾರೆ." ಇದು ನನಗೆ ಹೊಳೆದಿರಲಿಲ್ಲ. ಆ ಎರಡು ತಿಂಗಳು ಕೆಲಸ ಕಳೆದುಕೊಂಡು ಕಷ್ಟಪಟ್ಟವರು ನಮ್ಮ ಕಸ್ಟಮರ್‌ಗಳಲ್ಲೂ ಇದ್ದರು. ಮೊತ್ತ ತೆಗೆದೆ, ಹೆಸರು ತೆಗೆದೆ. ಹನ್ನೊಂದು ಅನ್ನುವ ಸಂಖ್ಯೆಯನ್ನೂ ತೆಗೆದು 'ಕೆಲವರು' ಅಂತ ಮಾಡಿದೆ. ಜೊತೆಗೆ 'ತೆಗೆದ ಮೇಲೆ ಮೊದಲ ವಾರವೇ ಬಂದವರು' ಅಂತ ಸೇರಿಸಿದೆ. ಅದು ತುಂಬಾ ಜನಕ್ಕೆ ಅನ್ವಯಿಸುತ್ತದೆ, ಸುಳ್ಳೂ ಅಲ್ಲ.

ಮೂರನೆಯವರು ಒಂದು ಹಾಸ್ಟೆಲಿನ ಹುಡುಗಿಯರು. ಒಬ್ಬಳು ಹೂಂ ಅಂದಳು, ಅವಳ ಮೂಲಕ ಉಳಿದವರೂ. ಅವರದ್ದು ಬೇಗ ಮುಗಿಯಿತು.

ಈಗ ನಮ್ಮ ಹುಡುಗಿಯರ ವಿಷಯ. ಇಲ್ಲಿ ನಾನು ಎರಡು ಸಲ ಎಡವಿದೆ.

ಮೊದಲನೆಯದು, 'ಇವರು ನನ್ನ ಕೆಲಸದವರಲ್ಲ, ಮನೆ ಮಕ್ಕಳು' ಅಂತ ಬರೆದಿದ್ದೆ. ಎಲ್ಲರೂ ಹೇಳುವ ಮಾತೇ. ನಮ್ಮ ದೊಡ್ಡಕ್ಕ, ಅಂದರೆ ನನ್ನ ಜೊತೆ ಮೊದಲ ವರ್ಷದಿಂದ ಇರುವವಳು, ಕೇಳಿ ನಕ್ಕಳು. "ಅಕ್ಕ, ಮನೆ ಮಕ್ಕಳು ಅಂದ್ರೆ ಈ ಸಲ ಸಂಬಳ ಜಾಸ್ತಿ ಮಾಡಲ್ಲ ಅಂತ." ತಮಾಷೆಗೇ ಅಂದಳು, ಆದರೆ ಪೂರ್ತಿ ತಮಾಷೆ ಅಲ್ಲ. ಆ ಸಾಲು ಹೊಡೆದು ಹಾಕಿದೆ. ಸಂಬಳದ ಮಾತು ಭಾಷಣಕ್ಕೆ ಮುಂಚೆಯೇ ಕೂತು ಮುಗಿಸಿದೆ. ಅದು ಮುಗಿಯದೇ ಮೈಕಿನಲ್ಲಿ ಹೊಗಳಿದ್ದರೆ ಅವರು ಚಪ್ಪಾಳೆ ತಟ್ಟುತ್ತಾ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದರು.

ಎರಡನೆಯದು ಇನ್ನೂ ಸೂಕ್ಷ್ಮ. 'ಹೊಸ ಬ್ರಾಂಚಿಗೆ ನಮ್ಮ ಬೆಸ್ಟ್ ಟೀಮ್ ಕಳಿಸುತ್ತಿದ್ದೇನೆ' ಅಂತ ಬರೆದಿದ್ದೆ. ಗೋಪಾಳದ ಜನಕ್ಕೆ ಭರವಸೆ ಬರಲಿ ಅಂತ. ಹೊಸ ಬ್ರಾಂಚಿಗೆ ಹೋಗುವವಳು ಭದ್ರಾವತಿಯಿಂದ ದಿನಾ ಓಡಾಡುವ ಹುಡುಗಿ. ದೊಡ್ಡಕ್ಕ ವಿನೋಬನಗರದಲ್ಲೇ ಉಳಿಯುತ್ತಾಳೆ. ಆ ಸಾಲು ಕೇಳಿ ದೊಡ್ಡಕ್ಕ ನಗಲಿಲ್ಲ. ಬ್ರಶ್‌ಗಳನ್ನು ತೊಳೆಯುತ್ತಾ, ತಿರುಗಿ ನೋಡದೇ, "ಹಾಗಾದ್ರೆ ನಾವು ಹಳೇ ಅಂಗಡಿಗೆ ಸಾಕು ಅಂತಾನಾ?" ಅಂದಳು. ನಿಜ ಹೇಳಬೇಕೆಂದರೆ ಅವಳನ್ನು ಅಲ್ಲೇ ಬಿಟ್ಟದ್ದು ಅವಳಿಲ್ಲದೇ ಆ ಅಂಗಡಿ ನಡೆಯಲ್ಲ ಅಂತ. ಅದನ್ನು ಅವಳಿಗೆ ಒಂದು ಸಲವೂ ಹೇಳಿರಲಿಲ್ಲ. ಎರಡನೇ ಬ್ರಾಂಚ್ ತೆಗೆಯುವವರು ಇದನ್ನು ಗಮನಿಸಬೇಕು. ಹೊಸದನ್ನು ಎಷ್ಟು ಹೊಗಳುತ್ತೀರೋ ಅಷ್ಟು ಹಳೆಯದಕ್ಕೆ ಚುಚ್ಚುತ್ತದೆ. ಅಲ್ಲಿ ನಿಂತು ಕೇಳುವವರಲ್ಲಿ ಅರ್ಧ ಜನ ಹಳೇ ಅಂಗಡಿಯವರೇ.

ಕೊನೆಗೆ ಒಬ್ಬೊಬ್ಬರಿಗೆ ಒಂದೇ ವಾಕ್ಯ, ಕೆಲಸಕ್ಕೆ ಸೇರಿದ ಕ್ರಮದಲ್ಲಿ, ಅಂತ ಮಾಡಿದೆ. ಹಾಜರಿ ಪುಸ್ತಕ ಎದುರಿಟ್ಟುಕೊಂಡೆ. ಸೇರಿದ ಕ್ರಮ ಅಂದರೆ ಯಾರು ಮೇಲೆ ಯಾರು ಕೆಳಗೆ ಅನ್ನುವ ಪ್ರಶ್ನೆ ಬರಲ್ಲ. ವಾಕ್ಯದಲ್ಲಿ ಗುಣ ಬೇಡ, ಒಂದು ದಿನ ಮಾಡಿದ ಒಂದು ಕೆಲಸ ಇರಬೇಕು. 'ಶ್ರಮಜೀವಿ', 'ಪ್ರಾಮಾಣಿಕಳು' ಅಂದರೆ ಯಾರಿಗೆ ಬೇಕಾದರೂ ಹೊಂದುತ್ತದೆ.

ಭದ್ರಾವತಿ ಹುಡುಗಿಯ ಕೆಲಸ ಹುಡುಕುವುದೇ ಬೇಡವಾಗಿತ್ತು. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ನಿಶ್ಚಿತಾರ್ಥಕ್ಕೆ ನಾಲ್ಕು ದಿನ ಇರುವಾಗ ಕೂದಲಿಗೆ ಬಣ್ಣ ಹಚ್ಚಿಸಲು ಬಂದಳು. ನಮ್ಮವಳು ಕಿವಿಯ ಹಿಂದೆ ಒಂದು ಚುಕ್ಕಿ ಬಣ್ಣ ಹಚ್ಚಿ, 'ಎರಡು ದಿನ ಬಿಟ್ಟು ಬನ್ನಿ' ಅಂದಳು. ಆ ಹುಡುಗಿಗೆ ಸಿಟ್ಟು ಬಂತು. ಶನಿವಾರ, ಅಂಗಡಿ ತುಂಬಾ ಜನ. ನಾನೇ ಆ ಕಡೆಯಿಂದ "ಪರವಾಗಿಲ್ಲ, ಹಚ್ಚೇ" ಅಂದೆ. ಇವಳು ಗ್ಲೌಸ್ ಬಿಚ್ಚಿ ಟೇಬಲ್ ಮೇಲಿಟ್ಟು, "ಟೆಸ್ಟ್ ಮಾಡದೆ ಹಚ್ಚಲ್ಲ ಅಕ್ಕ" ಅಂದಳು. ಮಾರನೇ ದಿನ ಫೋನ್ ಬಂತು. ಚುಕ್ಕಿ ಇಟ್ಟ ಜಾಗ ಕೆಂಪಗೆ ಊದಿ ತುರಿಸುತ್ತಿತ್ತು. ವಿಚಾರಿಸಿದರೆ, ಹಿಂದೆ ಯಾವುದೋ ಜಾತ್ರೆಯಲ್ಲಿ ಬೇಗ ರಂಗೇರುವ ಕಪ್ಪು ಮೆಹಂದಿ ಹಾಕಿಸಿಕೊಂಡಿದ್ದಳಂತೆ, ಅದಕ್ಕೂ ಕೈ ಗುಳ್ಳೆ ಎದ್ದಿತ್ತಂತೆ. ಅಂಥ ಮೆಹಂದಿಯಲ್ಲೂ ಹೇರ್ ಡೈಯಲ್ಲೂ ಪಿಪಿಡಿ ಅನ್ನುವ ಒಂದೇ ರಾಸಾಯನಿಕ ಇರುತ್ತದೆ. ಒಮ್ಮೆ ಮೈ ಅದಕ್ಕೆ ತಿರುಗಿಬಿದ್ದರೆ ಮುಂದಿನ ಸಲ ಇನ್ನೂ ಜೋರು. ತಲೆ ಪೂರ್ತಿ ಹಚ್ಚಿದ್ದರೆ ನಿಶ್ಚಿತಾರ್ಥದ ದಿನ ಅವಳ ಮುಖ ಊದಿರುತ್ತಿತ್ತು.

ಇದನ್ನು ಪೂರ್ತಿ ಹೇಳಬೇಕು ಅಂತ ನನಗೆ ಆಸೆ. ನಮ್ಮೆಜಮಾನರು ಬೇಡ ಅಂದರು. "ಅಂಗಡಿ ತೆಗೆಯೋ ದಿನ ಊತ, ಗುಳ್ಳೆ ಅಂತ ಹೇಳ್ತೀಯಾ?" ಸರಿಯೇ. ಕೊನೆಗೆ ಅವಳು ಅಂದ ಮಾತನ್ನಷ್ಟೇ ಇಟ್ಟುಕೊಂಡೆ. ಗೊತ್ತಿರುವವರಿಗೆ ಗೊತ್ತಾಗುತ್ತದೆ.

ಇನ್ನೊಬ್ಬಳ ವಿಷಯ ಬಾಕಿ ಇತ್ತು. 2019ರಲ್ಲಿ ನಮ್ಮನ್ನು ಬಿಟ್ಟು, ಎರಡು ಬೀದಿ ಆಚೆ ಸ್ವಂತ ಪಾರ್ಲರ್ ಹಾಕಿದವಳು. ಹೋಗುವಾಗ ಒಂದಷ್ಟು ಕಸ್ಟಮರ್‌ಗಳೂ ಅವಳ ಹಿಂದೆ ಹೋದರು. ಒಂದು ವರ್ಷ ನಾವು ಮಾತಾಡಿರಲಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ದೊಡ್ಡಕ್ಕನ ಕೆಳಗೆ ಇರುವುದು ಅವಳ ಹೆಸರೇ, ನಾಲ್ಕು ವರ್ಷ. ಬಿಟ್ಟರೆ ಹಳೇ ಕಸ್ಟಮರ್‌ಗಳಿಗೆಲ್ಲ ಗೊತ್ತಾಗುತ್ತದೆ, ಬೇಕಂತಲೇ ಬಿಟ್ಟಳು ಅಂತ. ಎರಡು ದಿನ ಯೋಚಿಸಿ ಒಂದು ಸಾಲು ಬರೆದೆ. ಫೋನ್ ಮಾಡಿ ಕರೆದೆ ಕೂಡ. ಬಂದಳು, ಹಿಂದೆ ನಿಂತಿದ್ದಳು, ಊಟ ಮಾಡದೇ ಹೋದಳು. ಅಷ್ಟು ಸಾಕು.

ಮಾತಾಡುವ ಜಾಗದ ಬಗ್ಗೆಯೂ ಒಂದು ಮಾತು. ಒಳಗೆ ಮಾತಾಡೋಣ, ಎಸಿ ಇದೆ, ಫೋಟೋ ಚೆನ್ನಾಗಿ ಬರುತ್ತೆ ಅಂತ ಎಲ್ಲರೂ ಅಂದರು. ಹಿಂದಿನ ಸಂಜೆ ಮೈಕ್ ಸೆಟ್ ತರಿಸಿ ನೋಡಿದೆವು. ಸುತ್ತ ಕನ್ನಡಿ, ಕೆಳಗೆ ಟೈಲ್ಸ್, ಮುಂದೆ ಗಾಜು. ಒಂದು ಮಾತಾಡಿದರೆ ನಾಲ್ಕು ಕಡೆಯಿಂದ ವಾಪಸ್ ಬರುತ್ತದೆ, ಯಾವುದೂ ತಿಳಿಯಲ್ಲ. ಹೊರಗೆ ಶಾಮಿಯಾನದ ಕೆಳಗೇ ಅಂತ ಆಯಿತು. ಅಲ್ಲಿ ಸ್ಪೀಕರ್ ಬಾಕ್ಸನ್ನು ನನ್ನ ಹಿಂದೆ ಇಟ್ಟಿದ್ದರು, ಕುಂಯ್ ಅಂತ ಕಿವಿ ಕೊರೆಯಿತು. ಬಾಕ್ಸನ್ನು ನನಗಿಂತ ಮುಂದೆ, ಜನರ ಕಡೆ ಮುಖ ಮಾಡಿಸಿ ಇಟ್ಟ ಮೇಲೆ ಸರಿಯಾಯಿತು. ಭಾಷಣವನ್ನು ಹಾಳೆಯಲ್ಲಿ ಬರೆದರೆ ಗಾಳಿಗೆ ಹಾರುತ್ತದೆ, ಕೈ ನಡುಗುವುದೂ ಕಾಣುತ್ತದೆ. ಗ್ಲೌಸ್ ಬಂದಿದ್ದ ರಟ್ಟಿನ ಡಬ್ಬ ಕತ್ತರಿಸಿ ನಾಲ್ಕು ಕಾರ್ಡ್ ಮಾಡಿ, ದಪ್ಪ ಅಕ್ಷರದಲ್ಲಿ ಬರೆದು, ಮೂಲೆಯಲ್ಲಿ ನಂಬರ್ ಹಾಕಿದಳು ಮಗಳು.

ಕೊನೆಗೆ ಉಳಿದ ಭಾಷಣ ಇದು. ಹೆಸರುಗಳ ಜಾಗದಲ್ಲಿ ನಾವು ಮನೆಯಲ್ಲಿ, ಅಂಗಡಿಯಲ್ಲಿ ಕರೆಯುವ ಗುರುತನ್ನೇ ಇಲ್ಲಿ ಹಾಕಿದ್ದೇನೆ.

"ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಕೆಲಸ ಬಿಟ್ಟು ಬಂದಿದ್ದೀರ. ಮೂರೇ ನಿಮಿಷ ಮಾತಾಡ್ತೀನಿ.

2014ರ ಜೂನ್. ವಿನೋಬನಗರದಲ್ಲಿ ಒಂದು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡು ಅಂಗಡಿ ತೆಗೆದೆ. ಮೂರು ದಿನ ಯಾರೂ ಬರಲಿಲ್ಲ. ನಾಲ್ಕನೇ ದಿನ ಜೋರು ಮಳೆ. ಒಬ್ಬರು ಮಳೆ ನಿಲ್ಲಲಿ ಅಂತ ನಮ್ಮ ಶೀಟಿನ ಕೆಳಗೆ ನಿಂತರು. ಒಳಗೆ ಬನ್ನಿ ಮೇಡಂ, ಕೂತ್ಕೊಳ್ಳಿ ಅಂದೆ. ಶಿವಮೊಗ್ಗದ ಮಳೆ ನಿಮಗೆ ಗೊತ್ತಲ್ಲ, ನಿಲ್ಲಲಿಲ್ಲ. ಕೂತು ಕೂತು ಬೇಜಾರಾಗಿ ಐಬ್ರೋ ಮಾಡಿಸಿಕೊಂಡರು. ಇಪ್ಪತ್ತು ರೂಪಾಯಿ ಕೊಟ್ಟರು. ಟೀಚರ್ ಮೇಡಂ, ಅವತ್ತು ಮಳೆ ಬೇಗ ನಿಂತಿದ್ದರೆ ನಾನು ಐದನೇ ದಿನ ಅಂಗಡಿ ಮುಚ್ತಿದ್ದೆನೋ ಏನೋ. ನಿಮಗೆ ಮೊದಲ ನಮಸ್ಕಾರ.

ಹಾಸ್ಟೆಲಿನ ಹುಡುಗಿಯರು ಒಬ್ಬಳನ್ನ ಕಳಿಸಿ ಪರೀಕ್ಷೆ ಮಾಡಿದರು. ಅವಳ ಹೇರ್ ಕಟ್ ನೋಡಿ ಮಾರನೇ ದಿನ ಒಂಬತ್ತು ಜನ ಬಂದರು. ಅವತ್ತು ಎರಡನೇ ಕುರ್ಚಿ ಪಕ್ಕದ ಮನೆಯಿಂದ ತಂದೆ.

2020ರಲ್ಲಿ ಅಂಗಡಿ ಮುಚ್ಚಿದಾಗ ನಿಮ್ಮಲ್ಲಿ ಕೆಲವರು ಬಾಡಿಗೆ ಕಟ್ಟೋಕೆ ನೆರವಾದಿರಿ. ತೆಗೆದ ಮೊದಲ ವಾರವೇ ಮಾಸ್ಕ್ ಹಾಕಿಕೊಂಡು ತುಂಬಾ ಜನ ಬಂದಿರಿ. ಹೆಸರು ಹೇಳಬೇಡ ಅಂದಿದ್ದೀರ. ಹೇಳಲ್ಲ. ಮರೆಯೋದೂ ಇಲ್ಲ.

ಇನ್ನು ನಮ್ಮವರು, ಕೆಲಸಕ್ಕೆ ಸೇರಿದ ಕ್ರಮದಲ್ಲಿ. ದೊಡ್ಡಕ್ಕ, ಹನ್ನೊಂದು ವರ್ಷದಿಂದ ವಿನೋಬನಗರದ ಬೀಗದ ಕೈ ಇವಳ ಹತ್ತಿರ. ಇವಳು ಅಲ್ಲಿ ಇದ್ದಾಳೆ ಅಂತಲೇ ನಾನು ಇಲ್ಲಿಗೆ ಬರೋಕಾಗಿದ್ದು. ಎರಡನೆಯವಳು ಈಗ ಸ್ವಂತ ಪಾರ್ಲರ್ ನಡೆಸ್ತಿದ್ದಾಳೆ. ನನ್ನ ಹತ್ತಿರ ಇದ್ದ ನಾಲ್ಕು ವರ್ಷದಲ್ಲಿ ಮದುಮಗಳ ಮೇಕಪ್ ಕೆಲಸ ತಂದವಳೇ ಅವಳು. ಭದ್ರಾವತಿ ಹುಡುಗಿ, ನಾನೇ ಹಚ್ಚು ಅಂದಾಗಲೂ 'ಟೆಸ್ಟ್ ಮಾಡದೆ ಹಚ್ಚಲ್ಲ ಅಕ್ಕ' ಅಂದವಳು. ಈ ಬ್ರಾಂಚ್ ನೋಡಿಕೊಳ್ಳೋದು ಇವಳೇ. ನಮ್ಮ ಸೀರೆ ಹುಡುಗಿ, ಬೆಳಗಿನ ಜಾವ ಮೂರೂವರೆಗೆ ಛತ್ರಕ್ಕೆ ಹೋಗಿ ಒಂದೇ ಮದುವೆಯಲ್ಲಿ ಹದಿನಾರು ಜನಕ್ಕೆ ಸೀರೆ ಉಡಿಸಿದವಳು. ನಮ್ಮ ಅಮ್ಮ, ದಿನಾ ನಮಗಿಂತ ಮುಂಚೆ ಬಂದು ನೆಲದ ಮೇಲೆ ಒಂದು ಕೂದಲೂ ಕಾಣದಂತೆ ಗುಡಿಸುವವರು. ಹೊಸ ಅಂಗಡಿಯ ನೆಲಕ್ಕೆ ಈ ಬಣ್ಣದ ಟೈಲ್ಸ್ ಬೇಡ ಅಂದವರೂ ಅವರೇ. ನಾನು ಕೇಳಲಿಲ್ಲ. ಅಮ್ಮ, ತಪ್ಪಾಯ್ತು.

ಎಲ್ಲರೂ ತಿಂಡಿ ತಿಂದು ಹೋಗಿ. ನಮಸ್ಕಾರ."

ಬಿಳಿ ಟೈಲ್ಸ್ ಮೇಲೆ ಕರಿ ಕೂದಲು ಎಷ್ಟು ಕಾಣುತ್ತದೆ ಅಂತ ಈಗ ದಿನಾ ನೋಡುತ್ತಿದ್ದೇನೆ.

ಆ ದಿನ ಶುರುವಾಗುವಾಗಲೇ ಹತ್ತು ಗಂಟೆ ಎಂಟು ನಿಮಿಷ. ಮೊದಲ ಎರಡು ಕಾರ್ಡ್ ಸಲೀಸಾಗಿ ಹೋದವು. ಮಳೆ ಅಂದಾಗ ಜನ ನಕ್ಕರು, ಟೀಚರ್ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೂರನೇ ಕಾರ್ಡ್ ತೆಗೆದು 'ಇನ್ನು ನಮ್ಮವರು' ಅನ್ನುತ್ತಿದ್ದ ಹಾಗೆ ಕರೆಂಟ್ ಹೋಯಿತು. ಮೈಕ್ ಸತ್ತಿತು. ಯುಪಿಎಸ್ ಒಳಗಿನ ಲೈಟಿಗೆ ಮಾತ್ರ ಇತ್ತು, ಮೈಕ್ ಸೆಟ್ಟಿಗೆ ಇರಲಿಲ್ಲ. ಹುಡುಗ ವೈರ್ ಎಳೆಯಲು ಓಡಿದ. ನಾನು ಗಡಿಯಾರ ನೋಡಿದೆ. ಕಾಯಲು ಆಗಲ್ಲ. ಮೈಕ್ ಕೆಳಗಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದೆ. ನಮ್ಮ ಹುಡುಗಿಯರು ಮುಂದಿನ ಸಾಲಲ್ಲೇ ನಿಂತಿದ್ದರು. ಅವರಿಗೇ ಹೇಳುವ ಹಾಗೆ ಹೇಳಿದೆ. ಹಿಂದಿದ್ದವರಿಗೆ ಕೇಳಿಸಿರಲಿಕ್ಕಿಲ್ಲ, ಅಲ್ಲೇ ನಿಂತಿದ್ದ ಆ ಎರಡನೆಯವಳಿಗೂ. ದೊಡ್ಡಕ್ಕ ಮಾತ್ರ ಪೂರ್ತಿ ಹೊತ್ತು ನನ್ನ ಮುಖ ನೋಡದೇ ಬ್ಯಾನರ್ ನೋಡುತ್ತಿದ್ದಳು. ಅವಳು ಅಳು ತಡೆಯುವುದು ಹಾಗೆ.

ಮುಗಿದಾಗ ಹತ್ತು ಹನ್ನೆರಡು. ಟೀಚರ್ ಮೇಡಂರನ್ನೇ ಬೋಣಿಗೆ ಕೂರಿಸಿದೆವು. ಅವತ್ತು ದಾರ ಹಿಡಿದದ್ದು ಹೊಸದಾಗಿ ಸೇರಿದ ಮೂವರು ಹುಡುಗಿಯರಲ್ಲಿ ಒಬ್ಬಳು, ಹದಿನೈದು ದಿನದಿಂದ ಟ್ರೇನಿಂಗಿನಲ್ಲಿದ್ದವಳು. ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿ, ಎರಡೂ ಕೈಯಲ್ಲಿ ತಿರುವಿ, ಹುಬ್ಬಿನ ಕೆಳಗಿನ ಗೆರೆ ಮೊದಲು ತೆಗೆದಳು. ಕೈ ನಡುಗಲಿಲ್ಲ. ಎರಡೂ ಹುಬ್ಬು ಮುಗಿಸಿ, ಅಲೋವೆರಾ ಜೆಲ್ ಹಚ್ಚಿ, ಕನ್ನಡಿ ಹಿಡಿದಳು. ಮೇಡಂ ಎಡ ಹುಬ್ಬು, ಬಲ ಹುಬ್ಬು ನೋಡಿಕೊಂಡರು. ಆಮೇಲೆ ಕನ್ನಡಿಯೊಳಗಿಂದಲೇ ಅವಳನ್ನು ನೋಡಿ ಕೇಳಿದರು:

"ಚೆನ್ನಾಗಿ ಮಾಡಿದೀಯ. ನಿನ್ನ ಹೆಸರೇನಮ್ಮ? ಅಕ್ಕ ಹೇಳಲೇ ಇಲ್ಲವಲ್ಲ."

ಹಾಜರಿ ಪುಸ್ತಕ ಇಟ್ಟುಕೊಂಡು ಬರೆದಿದ್ದೆ ನಿಜ. ಅದು ವಿನೋಬನಗರದ ಪುಸ್ತಕ. ಗೋಪಾಳದ್ದು ಬೇರೆ, ಹೊಸದು, ಆ ಮೂವರ ಹೆಸರು ಇದ್ದದ್ದು ಅದರಲ್ಲಿ. ಮೂವರೂ ಹೊಸ ಯೂನಿಫಾರ್ಮ್ ಹಾಕಿಕೊಂಡು, ಕುಂಕುಮದ ತಟ್ಟೆ ಹಿಡಿದು, ಭಾಷಣ ಪೂರ್ತಿ ನನ್ನ ಪಕ್ಕದಲ್ಲೇ ನಿಂತಿದ್ದರು.

ಹುಡುಗಿ ಮೆಲ್ಲಗೆ ತನ್ನ ಹೆಸರು ಹೇಳಿದಳು. ಮೇಡಂ ಪರ್ಸಿನಿಂದ ನೂರು ರೂಪಾಯಿ ತೆಗೆದು ನನ್ನ ಕೈಗೆ ಕೊಡದೇ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಲಕ್ಷ್ಮಿ ಫೋಟೋದ ಮುಂದೆ ಇಟ್ಟಳು. ಹತ್ತು ಇಪ್ಪತ್ತಾರು. ನಾನು ನಾಲ್ಕನೇ ಕಾರ್ಡ್ ತಿರುಗಿಸಿ, ಹಿಂದೆ ಮೂರು ಹೆಸರು ಬರೆದುಕೊಂಡು ಹೊರಗೆ ಹೋದೆ. ಕರೆಂಟ್ ಬಂದಿತ್ತು. ಜನ ತಟ್ಟೆ ಹಿಡಿದು ಉಪ್ಪಿಟ್ಟು ತಿನ್ನುತ್ತಿದ್ದರು. ಮೈಕ್ ಎತ್ತಿಕೊಂಡೆ.